ಹದಿನಾಲ್ಕನೇ ಕಲಮಿನ ಎರಡನೇ ಸಾಲು

ನಲವತ್ತಾರು ತುಂಬಿ, ಕಿವಿಯ ಹತ್ತಿರ ಬಿಳಿಗೂದಲು ಬಂದು, ಓದುವುದಕ್ಕೊಂದು ದೂರಕ್ಕೊಂದು ಎಂದು ಎರಡು ಕನ್ನಡಕ ಇಟ್ಟುಕೊಂಡಿದ್ದರೂ ಮನೆಯವರ ಬಾಯಲ್ಲಿ ಅವಳು ಚಿಕ್ಕವಳೇ. ಅಕ್ಕ ದೊಡ್ಡವಳು, ಇವಳು ಚಿಕ್ಕವಳು, ಅಷ್ಟೇ. ಕಚೇರಿಯಲ್ಲಿ ಮಾತ್ರ ಅವಳ ತೂಕ ಬೇರೆ. ಕೊಲ್ಲಿ ದೇಶದ ಆ ಊರಿನ ಕಾರ್ಮಿಕ ನ್ಯಾಯಾಲಯದ ಎದುರಿಗೆ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ಎರಡು ಮೇಜು ಒಂದು ಕಿಟಕಿಯ ಅನುವಾದ ಕಚೇರಿ ಅದು. ನ್ಯಾಯಾಲಯಕ್ಕೆ ಕಾಗದ ಏನೇ ಬರಲಿ, ಅರಬ್ಬಿಯಲ್ಲೇ ಬರಬೇಕು. ಇಂಗ್ಲಿಷಿನ ಕರಾರುಪತ್ರಗಳನ್ನು ಹಿಡಿದು ಜನ ಆ ಕಿರಿದಾದ ಮೆಟ್ಟಿಲು ಹತ್ತುತ್ತಿದ್ದರು. ಹದಿನೆಂಟು ವರ್ಷದಿಂದ ಅವುಗಳನ್ನು ಅರಬ್ಬಿಗೆ ತರುವ ಕೈ ಚಿಕ್ಕವಳದ್ದು, ಕೆಳಗೆ ಬೀಳುವ ಠಸ್ಸೆ ಯಜಮಾನರದ್ದು. ಪರವಾನಗಿ ಅವರ ಹೆಸರಿನಲ್ಲಿತ್ತು, ಆದ್ದರಿಂದ ಎಲ್ಲರೂ ಅವರನ್ನು ಠಸ್ಸೆ ಯಜಮಾನರೆಂದೇ ಕರೆಯುತ್ತಿದ್ದರು. ಆ ಹೆಸರು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಕರಾರಿನ ಅನುವಾದವೆಂದರೆ ಭಾಷೆಯ ಸೊಗಸಲ್ಲ, ಹಗ್ಗದ ಕೆಲಸ ಎನ್ನುತ್ತಿದ್ದರು ಅವರು. ಯಾರನ್ನು ಯಾವುದಕ್ಕೆ ಕಟ್ಟಿದೆ, ಯಾರನ್ನು ಬಿಟ್ಟಿದೆ, ಅದು ಕಾಣಬೇಕು. ಇಂಗ್ಲಿಷಿನಲ್ಲಿ 'ಶಾಲ್' ಎಂದಿದ್ದರೆ ಅರಬ್ಬಿಯಲ್ಲಿ 'ಯಲ್ತಜಿಮ್', ಅಂದರೆ ಮಾಡತಕ್ಕದ್ದು, ತಪ್ಪಿಸಿಕೊಳ್ಳುವ ಹಾಗಿಲ್ಲ. 'ಮೇ' ಎಂದಿದ್ದರೆ 'ಯಜೂಜ್', ಅಂದರೆ ಮಾಡಬಹುದು, ಬಿಡಲೂಬಹುದು. 'ಶುಡ್' ಎಂಬ ಬೆನ್ನುಮೂಳೆಯಿಲ್ಲದ ಪದ ಬಂದರೆ 'ಯಂಬಗಿ', ಮಾಡಿದರೆ ಒಳ್ಳೆಯದು. ಹೊರಗಿನ ಅನೇಕ ಕಚೇರಿಗಳಲ್ಲಿ ಇವೆಲ್ಲವನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತಿದ್ದರು. ಇಲ್ಲಿ ಹಾಗಿಲ್ಲ. ಚಿಕ್ಕವಳು ಮೊದಲು ಮೂಲವನ್ನು ಸಾಲು ಸಾಲಾಗಿ ಟೈಪು ಮಾಡಿ, ಕಟ್ಟುವ ಪದಗಳಿಗೆಲ್ಲ ಕೆಂಪು ಸುತ್ತು, ಬಿಡುವ ಪದಗಳಿಗೆ ನೀಲಿ ಸುತ್ತು ಹಾಕಿ, ಆಮೇಲೆ ಅರಬ್ಬಿಗೆ ಕೈ ಹಚ್ಚುತ್ತಿದ್ದಳು. ಮುಗಿದ ಮೇಲೆ ಅವಳು ಮೂಲವನ್ನು ಗಟ್ಟಿಯಾಗಿ ಓದಬೇಕು, ಯಜಮಾನರು ಅರಬ್ಬಿಯ ಮೇಲೆ ಪೆನ್ಸಿಲ್ ಓಡಿಸಬೇಕು. ಕೆಂಪು ಎಷ್ಟು, ನೀಲಿ ಎಷ್ಟು, ಎರಡೂ ಕಡೆ ತಾಳೆಯಾದರೆ ಮಾತ್ರ ಠಸ್ಸೆ. ಈ ಕಚೇರಿಯ ಕಾಗದವೆಂದರೆ ನ್ಯಾಯಾಧೀಶರು ಎರಡನೇ ಸಲ ನೋಡುವುದಿಲ್ಲ ಎಂಬ ಮಾತಿತ್ತು. ಚಿಕ್ಕವಳಿಗೆ ಆ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಜಂಬ.

ಅಕ್ಕ ಆ ಮೆಟ್ಟಿಲು ಹತ್ತಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬಂದವಳು ಕೂರಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಇಟ್ಟು, "ಇದನ್ನ ಅರಬ್ಬಿ ಮಾಡಿಕೊಡು. ನಾಡಿದ್ದು ಕೋರ್ಟಲ್ಲಿ ಕೊಡ್ಬೇಕು" ಎಂದಳು.

ವಿಷಯ ಚಿಕ್ಕವಳಿಗೆ ಗೊತ್ತಿದ್ದದ್ದೇ. ಭಾವ ಟೈಲ್ಸ್ ಕೆಲಸದವರು. ಅವರು ಕೂರಿಸಿದ ನೆಲದ ಮೇಲೆ ಗೋಲಿ ಇಟ್ಟರೆ ಅಲ್ಲೇ ನಿಲ್ಲುತ್ತದೆ ಎಂದು ಮೇಸ್ತ್ರಿಗಳೇ ಹೇಳುತ್ತಿದ್ದರು. ಹೋದ ತಿಂಗಳು ಗ್ರಾನೈಟ್ ಚಪ್ಪಡಿ ಜಾರಿ ಬಲಗೈ ಜಜ್ಜಿಹೋಗಿತ್ತು. ಮೊದಲ ಆಪರೇಷನ್ ಆಯಿತು. ಬೆರಳು ಮಡಚುವ ನರಹುರಿಗಳನ್ನು ಜೋಡಿಸಲು ಎರಡನೆಯದು ಆಗಲೇಬೇಕು, ಅದೂ ಆರು ವಾರದೊಳಗೆ, ಆಮೇಲೆ ಮಾಡಿದರೂ ಒಂದೇ ಬಿಟ್ಟರೂ ಒಂದೇ ಎಂದು ಡಾಕ್ಟರು ಹೇಳಿದ್ದರು. ಮೊದಲನೆಯದಕ್ಕೆ ಕಾಗದ ಕೊಟ್ಟಿದ್ದ ಕಂಪನಿ ಎರಡನೆಯದಕ್ಕೆ ಕೈ ಎತ್ತಿತ್ತು. ಕೈ ಎತ್ತುವುದಕ್ಕೆ ಅವರ ಕೈ ಸರಿಯಾಗಿತ್ತಲ್ಲ!

ಕರಾರಿನ ಪ್ರತಿ ಭಾವನ ಹತ್ತಿರ ಇರಲಿಲ್ಲ. ಸಹಿ ಹಾಕಿಸಿಕೊಂಡ ದಿನವೇ ಕಂಪನಿ ಫೈಲಿಗೆ ಸೇರಿಸಿಬಿಟ್ಟಿತ್ತು, ಸಹಿಯೂ ಕೊನೆಯ ಹಾಳೆಗೆ ಮಾತ್ರ. ಹೋದ ವಾರ ರಜೆಯ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಲು ಕರೆಸಿದಾಗ ಗುಮಾಸ್ತ ಫೈಲು ತೆರೆದಿಟ್ಟು ಜೆರಾಕ್ಸಿಗೆಂದು ಎದ್ದು ಹೋಗಿದ್ದ. ಜೊತೆಗೆ ಹೋಗಿದ್ದ ಮಗಳು ಚುರುಕು. ಚಿಕಿತ್ಸೆಯ ಮಾತಿರುವ ಹದಿನಾಲ್ಕನೇ ಕಲಮಿನ ಹಾಳೆಯನ್ನು ಹುಡುಕಿ, ಪ್ಲಾಸ್ಟಿಕ್ ಕವರಿನ ಮೇಲಿಂದಲೇ ಒಂದು ಫೋಟೊ ಹೊಡೆದುಕೊಂಡಳು. ಒಂದೇ ಒಂದು. ಎರಡನೆಯದಕ್ಕೆ ಬೆರಳು ಒತ್ತುವಷ್ಟರಲ್ಲಿ ಗುಮಾಸ್ತನ ಚಪ್ಪಲಿ ಸದ್ದು ಕೇಳಿತಂತೆ.

ಚಿಕ್ಕವಳು ಫೋಟೊವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಳು. ಹಾಳೆ ಸ್ವಲ್ಪ ವಾರೆಯಾಗಿತ್ತು, ಆದರೂ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಕೆಲಸದ ವೇಳೆ ಪೆಟ್ಟಾದರೆ ನೌಕರನು ಏಳು ದಿನದೊಳಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು, ಕೆಂಪು. ಯಾವ ಆಸ್ಪತ್ರೆ ಎಂಬುದನ್ನು ಮಾಲೀಕರು ಸೂಚಿಸಬಹುದು, ನೀಲಿ. ನೌಕರನು ಆ ಚಿಕಿತ್ಸೆಯನ್ನು ನಿರಾಕರಿಸತಕ್ಕದ್ದಲ್ಲ, ಮತ್ತೆ ಕೆಂಪು. ಇವೆಲ್ಲ ಕನ್ನಡಿಯಷ್ಟು ಸ್ಪಷ್ಟ. ಕಲಮಿನ ಪ್ರಾಣ ಇದ್ದದ್ದು ಎರಡನೇ ಸಾಲಿನಲ್ಲಿ. ನೌಕರನು ಕೆಲಸಕ್ಕೆ ಯೋಗ್ಯನೆಂದು ವೈದ್ಯರು ಬರೆದುಕೊಡುವವರೆಗೆ ಮಾಲೀಕರು ತಮ್ಮ ಖರ್ಚಿನಲ್ಲೇ ಚಿಕಿತ್ಸೆ ಮಾಡಿಸಬೇಕೋ, ಮನಸ್ಸು ಬಂದರೆ ಮಾಡಿಸಬಹುದೋ ಎಂದು ಹೇಳುವ ಆ ಒಂದು ಪದ ಸಾಲಿನ ಬಲತುದಿಯಲ್ಲಿತ್ತು. ಅಲ್ಲಿ ಸರಿಯಾಗಿ ಮೇಲಿನ ಟ್ಯೂಬ್‌ಲೈಟು ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಬೆಳ್ಳಗೆ ಹೊಳೆಯುತ್ತಿತ್ತು. ನೌಕರನ ಕೊರಳಿಗೆ ಬಿದ್ದ ಗಂಟುಗಳೆಲ್ಲ ಎದ್ದು ಕಾಣುತ್ತಿವೆ, ಮಾಲೀಕನ ಒಂದೇ ಒಂದು ಗಂಟಿನ ಮೇಲೆ ಬೆಳಕು ಕುಣಿಯುತ್ತಿದೆ. ಬೆಳಕಿಗೂ ಕಂಪನಿಯಲ್ಲಿ ಸಂಬಳ ಇರಬೇಕು.

ಅವಳು ಬೆಳಕು ತಗ್ಗಿಸಿ ನೋಡಿದಳು, ಕಪ್ಪು ಬಿಳುಪು ಮಾಡಿ ನೋಡಿದಳು, ಬಣ್ಣ ತಿರುವುಮುರುವು ಮಾಡಿ ನೋಡಿದಳು. ಸಾಲಿನ ನಡುವೆ ಇದ್ದಿದ್ದರೆ ಖಾಲಿ ಜಾಗದ ಅಗಲ ಅಳೆದು ಐದು ಅಕ್ಷರವೋ ಮೂರೋ ಎಂದಾದರೂ ಹೇಳಬಹುದಿತ್ತು. ಇದು ಸಾಲಿನ ತುದಿ. ಸಾಲುಗಳು ಒಂದು ಉದ್ದ ಒಂದು ಗಿಡ್ಡ ಮುಗಿಯುವ ಹಾಳೆ. ಬಿಳುಪಿನಡಿಯಲ್ಲಿ ಏನು ಬೇಕಾದರೂ ಇರಬಹುದಿತ್ತು.

ಆದರೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಆ ಕಂಪನಿ ತನ್ನ ಕಾಗದಪತ್ರಗಳಿಗೆ ಬರುತ್ತಿದ್ದದ್ದೇ ಈ ಕಚೇರಿಗೆ. ಅದೇ ಕರಾರನ್ನು, ಅದೇ ಹದಿನಾಲ್ಕನೇ ಕಲಮನ್ನು, ಬೇರೆ ಬೇರೆ ಕೆಲಸಗಾರರ ಹೆಸರಿನಲ್ಲಿ ಅವಳು ನಾನೂರು ಸಲವಾದರೂ ಅರಬ್ಬಿಗೆ ತಂದಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು: ಶಾಲ್. ಮಾಡಿಸತಕ್ಕದ್ದು. ಯಲ್ತಜಿಮ್.

ಗೊತ್ತಿದ್ದೂ ಅವಳು ಅಲ್ಲಿ ಚೌಕ ಆವರಣ ಹಾಕಿ, ಒಳಗೆ 'ಗೈರ್ ಮಕ್ರೂ' ಎಂದು ಬರೆದಳು. ಓದಲಾಗುತ್ತಿಲ್ಲ.

"ಅದೇನದು ಡಬ್ಬಿ?" ಅಕ್ಕನ ಕಣ್ಣು ಅಲ್ಲಿಗೇ ಹೋಯಿತು. ಅರಬ್ಬಿ ಬರದಿದ್ದರೂ ಡಬ್ಬಿ ಡಬ್ಬಿಯೇ ತಾನೇ.

"ಒಂದು ಪದ ಫೋಟೊದಲ್ಲಿ ಕಾಣ್ತಿಲ್ಲ ಅಕ್ಕ. ಕಾಣದ್ದಕ್ಕೆ ಕಾಣಲ್ಲ ಅಂತ ಬರೀಬೇಕು."

"ಯಾವ ಪದ?"

ಹೇಳಲೇಬೇಕಾಯಿತು. ಅಕ್ಕ ಈಗ ಕುರ್ಚಿ ಎಳೆದುಕೊಂಡು ಕೂತಳು.

"ಅಲ್ಲಿ ಏನಿದೆ ಅಂತ ನಿನಗೆ ಗೊತ್ತು ತಾನೇ? ನೀನೇ ಹೇಳ್ತಿದ್ದೆ, ಆ ಕಂಪನಿ ಕರಾರು ನನಗೆ ಬಾಯಿಪಾಠ ಅಂತ."

"ಗೊತ್ತು."

"ಮತ್ತೆ ಬರಿ!"

"ನನಗೆ ಗೊತ್ತಿರೋದು ಫೋಟೊದಲ್ಲಿಲ್ಲ ಅಕ್ಕ. ನಾಳೆ ಅವರ ವಕೀಲ ಬಂದು, ಈ ಪದ ಎಲ್ಲಿ ಕಾಣ್ತಿದೆ ತೋರಿಸಿ ಅಂದ್ರೆ? ತಂಗಿ ಅಂತ ಸೇರಿಸಿಕೊಟ್ಟಿದ್ದಾಳೆ ಅಂತಾರೆ. ಪೂರ್ತಿ ಕಾಗದನೇ ಬಿಸಾಕ್ತಾರೆ. ಹೀಗೆ ಬರೆದ್ರೆ ನ್ಯಾಯಾಧೀಶರು ಮೂಲ ತನ್ನಿ ಅಂತ ಕಂಪನಿಗೇ ಹೇಳ್ತಾರೆ. ಮೂಲ ಬಂದ್ರೆ ಪದ ತಾನಾಗೇ ಬರುತ್ತೆ."

"ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಗಲ್ವಾ?"

"ಆಗಲ್ಲ" ಎಂದಳು ಚಿಕ್ಕವಳು. ಹದಿನೆಂಟು ವರ್ಷದ ಅನುಭವದ ಧೈರ್ಯ ಅದು. ಸಂಜೆ ಫೋನಿನಲ್ಲಿ ಭಾವನೂ ಅವಳ ಕಡೆಗೇ ಮಾತಾಡಿದರು. "ಅವಳ ಕೆಲಸ ಅವಳಿಗೆ ಬಿಡೇ. ನನ್ನ ಮಟ್ಟಗೋಲು ಹಿಡ್ಕೊಂಡು ನೀನು ಯಾವತ್ತಾದ್ರೂ ನೆಲ ನೋಡಿದ್ದೀಯಾ?" ಎಂದು ಹೆಂಡತಿಯನ್ನು ಸುಮ್ಮನಾಗಿಸಿದರು. ಚಿಕ್ಕವಳಿಗೆ ಕಣ್ಣು ತುಂಬಿ ಬಂತು. ತನ್ನ ಕೆಲಸದ ಮರ್ಮ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಯಿತಲ್ಲ ಅನ್ನಿಸಿತು.

ಯಜಮಾನರು ಪೆನ್ಸಿಲ್ ಓಡಿಸಿ ನೋಡಿದರು. ಕೆಂಪು ಎರಡು, ನೀಲಿ ಒಂದು, ಆವರಣ ಒಂದು. "ನಮ್ಮೋರದ್ದು ಅಂತ ಒಂದು ಚುಕ್ಕೀನೂ ಹೆಚ್ಚಾಕಿಲ್ಲ. ಶಾಭಾಸ್" ಎಂದು ಠಸ್ಸೆ ಒತ್ತಿದರು. ಅವತ್ತು ಅವಳು ನೆಟ್ಟಗೆ ನಡೆದು ಮನೆಗೆ ಹೋದಳು.

ನ್ಯಾಯಾಲಯದಲ್ಲಿ ಎಲ್ಲವೂ ಅವಳು ಹೇಳಿದ ಹಾಗೆಯೇ ನಡೆಯಿತು. ನ್ಯಾಯಾಧೀಶರು ಕಾಗದ ಓದಿದರು, ಆವರಣದ ಹತ್ತಿರ ನಿಂತರು, ತಲೆ ಎತ್ತಿ ಕಂಪನಿಯವರನ್ನು ಕೇಳಿದರು. ಒಂದು ವಾರದೊಳಗೆ ಮೂಲ ಕರಾರನ್ನು, ಹದಿನಾಲ್ಕನೇ ಕಲಮಿನ ಅರಬ್ಬಿ ಅನುವಾದದ ಸಮೇತ ಹಾಜರುಪಡಿಸತಕ್ಕದ್ದು ಎಂದು ಆಜ್ಞೆಯಾಯಿತು. ಅಕ್ಕ ನ್ಯಾಯಾಲಯದ ಮೆಟ್ಟಿಲ ಮೇಲಿಂದಲೇ ಫೋನು ಮಾಡಿ, "ನೀನೇ ಸರಿ ಕಣೇ, ಸುಮ್ನೆ ಬೈದುಬಿಟ್ಟೆ" ಎಂದಳು. ಆರು ವಾರದಲ್ಲಿ ಇನ್ನೂ ಹದಿನೈದು ದಿನ ಉಳಿದಿತ್ತು. ಡಾಕ್ಟರು ತಾರೀಖು ಹಿಡಿದಿಟ್ಟಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಹತ್ತೂವರೆಗೆ ಕಂಪನಿಯ ಓಡಾಟದವನು ಮೆಟ್ಟಿಲು ಹತ್ತಿ ಬಂದ. ಕಚೇರಿಯಿಂದ ಕಚೇರಿಗೆ ಕಾಗದ ಹೊತ್ತು ತಿರುಗುವುದೇ ಅವನ ಉದ್ಯೋಗ. ನಯವಾದ ಮನುಷ್ಯ, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವನಲ್ಲ, ಬರುವಾಗಲೆಲ್ಲ ಬಿಸ್ಕತ್ತಿನ ಪೊಟ್ಟಣ ತರುತ್ತಿದ್ದ. ಅವತ್ತೂ ತಂದಿದ್ದ. ನೀಲಿ ಫೈಲು ತೆರೆದು ಪಿನ್ನು ಹೊಡೆದ ಹನ್ನೊಂದು ಹಾಳೆಯ ಕರಾರನ್ನು ಚಿಕ್ಕವಳ ಮುಂದಿಟ್ಟ.

"ಹದಿನಾಲ್ಕನೇ ಕಲಮು ಒಂದೇ ಸಾಕು ಮೇಡಂ. ಅರ್ಜೆಂಟು. ನಿಮ್ಮ ಕೈಯದ್ದಾದ್ರೆ ಕೋರ್ಟಲ್ಲಿ ಯಾರೂ ತಕರಾರು ತೆಗೆಯೋಲ್ಲ ನೋಡಿ."

ಅವಳು ಕರಾರಿನ ಹೆಸರು ನೋಡಿದಳು. ಭಾವನ ಹೆಸರು. ಕೊನೆಯ ಹಾಳೆಯಲ್ಲಿ ಭಾವನ ಸಹಿ, ಬಲಗೈ ನೆಟ್ಟಗಿದ್ದಾಗ ಹಾಕಿದ್ದು. ಐದನೇ ಹಾಳೆ ತಿರುವಿದಳು. ಹದಿನಾಲ್ಕನೇ ಕಲಮು. ಎರಡನೇ ಸಾಲು. ಬಲತುದಿ.

ಮೇ.

ಮಾಲೀಕರು ತಮ್ಮ ಖರ್ಚಿನಲ್ಲಿ ಚಿಕಿತ್ಸೆ ಮಾಡಿಸಬಹುದು. ಹಿಂದೆ ಮುಂದೆ ಎಲ್ಲ ಪದಗಳೂ ಫೋಟೊದಲ್ಲಿ ಇದ್ದ ಹಾಗೆಯೇ ಇದ್ದವು. ಸಾಲು ಮುರಿಯುವ ಜಾಗವೂ ಅದೇ, ಅಲ್ಪವಿರಾಮವೂ ಅದೇ. ಬದಲಾಗಿದ್ದದ್ದು ಆವರಣದೊಳಗಿನ ಪದ ಒಂದೇ. ಅವಳೇ ಅಚ್ಚುಕಟ್ಟಾಗಿ ಚೌಕ ಬರೆದು, ಇಷ್ಟನ್ನು ಯಾರೂ ನೋಡಿಲ್ಲ, ಇಷ್ಟನ್ನು ಬದಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಉಳಿದದ್ದನ್ನು ಮುಟ್ಟಬೇಡಿ ಎಂದು ತೋರಿಸಿಕೊಟ್ಟಿದ್ದಳು.

ಅಷ್ಟರಲ್ಲಿ ಅವಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಾಗದ ಒಳಗೆ ಬಂದ ಕೂಡಲೇ ಅದರ ಸ್ಥಿತಿಯನ್ನು ನೋಡಿ ರಸೀದಿಯ ಮೇಲೆ ಬರೆಯುವುದು ಕಚೇರಿಯ ಪದ್ಧತಿ: ಎಷ್ಟು ಹಾಳೆ, ಎಲ್ಲಿ ಹರಿದಿದೆ, ಎಲ್ಲಿ ಮಸಿ ಬಿದ್ದಿದೆ. ಬರೆಯುತ್ತ ಗಟ್ಟಿಯಾಗಿ ಹೇಳುವುದೂ ಪದ್ಧತಿಯೇ, ಆಮೇಲೆ ಗಿರಾಕಿ ನೀವೇ ಹರಿದಿರಿ ಎನ್ನಬಾರದೆಂದು. ಸಾವಿರಾರು ಸಲ ಹೇಳಿದ ಬಾಯಿ, ತಡೆಯುವ ಮೊದಲೇ ಹೇಳಿಬಿಟ್ಟಿತು.

"ಹನ್ನೊಂದು ಹಾಳೆ. ಹತ್ತು ಹಾಳೆಗೆ ಎರಡೆರಡು ಜೊತೆ ಪಿನ್ನಿನ ತೂತು. ಐದನೇ ಹಾಳೆಗೆ ಒಂದೇ ಜೊತೆ."

ಪಕ್ಕದ ಮೇಜಿನಿಂದ ಯಜಮಾನರು ತಲೆ ಎತ್ತಿದರು. ಓಡಾಟದವನ ನಗು ಅರ್ಧಕ್ಕೇ ನಿಂತಿತ್ತು. ಅವನು ಬಗ್ಗಿ ಹಾಳೆಯ ಮೂಲೆಯನ್ನು ನೋಡಿದ, ಮುಂದಿನದನ್ನು ನೋಡಿದ, ಹಿಂದಿನದನ್ನು ನೋಡಿದ. ನಿಧಾನವಾಗಿ ನಗು ಮರಳಿ ಬಂತು.

"ಎಂಥ ಕಣ್ಣು ಮೇಡಂ ನಿಮ್ದು!" ಎಂದ. "ಅದನ್ನೆಲ್ಲ ರಸೀದಿಯಲ್ಲಿ ಬರೀಬೇಕಾ?"

"ಬರೀಬೇಕು" ಎಂದಳು ಚಿಕ್ಕವಳು.

"ಹಾಗಾದ್ರೆ ಒಂದು ಕೆಲಸ ಮಾಡೋಣ. ಮೂಲ ನಾನು ವಾಪಸ್ ತಗೊಂಡು ಹೋಗ್ತೀನಿ. ಕೆಳಗೆ ಜೆರಾಕ್ಸ್ ಮಾಡಿಸಿ ಐದನೇ ಹಾಳೆ ಒಂದೇ ಕೊಡ್ತೀನಿ. ನಿಮ್ಗೂ ಅನುಕೂಲ, ನಮ್ಗೂ ಅನುಕೂಲ." ಅವಳು ಅರ್ಧ ಬರೆದಿದ್ದ ರಸೀದಿಯನ್ನು ಅವನೇ ಮಡಚಿ ಜೇಬಿಗಿಟ್ಟುಕೊಂಡು ಕೆಳಗಿಳಿದ.

ಅವನು ಹೋದ ಕೂಡಲೇ ಅವಳು ಯಜಮಾನರ ಮೇಜಿಗೆ ಹೋಗಿ ನಿಂತಳು.

"ಹಾಳೆ ಬದಲಿಸಿದ್ದಾರೆ ಯಜಮಾನ್ರೇ. ಪಿನ್ನು ಕಿತ್ತು, ಹೊಸ ಐದನೇ ಹಾಳೆ ಸೇರಿಸಿ, ಮತ್ತೆ ಪಿನ್ನು ಹೊಡೆದಿದ್ದಾರೆ. ನೀವೂ ನೋಡಿದ್ರಿ."

"ನೋಡಿದೆ."

"ನಮ್ಮ ಕಂಪ್ಯೂಟರಲ್ಲಿ ನಾನೂರು ಪ್ರತಿ ಇದೆ. ಒಂದೊಂದ್ರಲ್ಲೂ ಶಾಲ್ ಅಂತ್ಲೇ ಇದೆ. ನಾಲ್ಕು ತೆಗೆದು ಕೋರ್ಟಿಗೆ ಕೊಡೋಣ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ನಾನೂರು ನಾನೂರು ಜನರ ಕಾಗದ. ನಂಬಿ ಕೊಟ್ಟದ್ದು. ಒಂದು ಹೊರಗೆ ಹೋದ್ರೂ ನನ್ನ ಪರವಾನಗಿ ಹೋಗುತ್ತೆ. ಹೋಗ್ಲಿ ಅಂತ ಕೊಟ್ಟೆವು ಅಂತಿಟ್ಕೋ. ಅವು ಬೇರೆಯವರ ಕರಾರು, ಇವನಿಗೆ ಬೇರೆ ಷರತ್ತು ಹಾಕಿದ್ದೀವಿ ಅಂತಾರೆ ಅಷ್ಟೇ. ಸಹಿ ಇದೆಯಲ್ಲ, ಮುಗೀತು."

"ಅಡಿಟಿಪ್ಪಣಿ ಹಾಕ್ತೀನಿ. ಈ ಹಾಳೆಗೆ ಒಂದೇ ಜೊತೆ ತೂತು ಅಂತ."

"ತೂತು ಅನುವಾದಕ್ಕೆ ಬರಲ್ಲಮ್ಮ." ಅವರ ದನಿ ಮೆತ್ತಗಿತ್ತು, ಅದೇ ಅವಳಿಗೆ ಹೆಚ್ಚು ಉರಿಯಿತು. "ಅಲ್ದೆ ಅವನು ಕೊಡೋದು ಜೆರಾಕ್ಸು. ಅದರಲ್ಲಿ ತೂತೇ ಇರಲ್ಲ. ಕಾಣದ್ದನ್ನ ಬರೀಬಾರದು ಅಂತ ಈ ಕಚೇರೀಲಿ ಹೇಳ್ಕೊಟ್ಟೋರು ಯಾರು, ಕಲ್ತೋರು ಯಾರು?"

"ಹಾಗಾದ್ರೆ ನಾನು ಮಾಡಲ್ಲ."

"ಬಿಡು. ಮುಂದಿನ ಬೀದೀಲಿ ಮೂರು ಕಚೇರಿ ಇವೆ. ಮಧ್ಯಾಹ್ನದೊಳಗೆ ಮಾಡಿಸ್ಕೋತಾನೆ. ಅಲ್ಲಿ ಏನು ಬರೀತಾರೋ ನಿನಗೂ ಗೊತ್ತಾಗಲ್ಲ, ನಿನ್ನ ಭಾವನಿಗೂ ಗೊತ್ತಾಗಲ್ಲ. ಕೊನೇ ಪಕ್ಷ ಇಲ್ಲಿ ಆದ್ರೆ ಉಳಿದ ಮಾತಿಗಾದ್ರೂ ಕತ್ತರಿ ಬೀಳಲ್ಲ."

ಆ ಕೊನೆಯ ಮಾತು ಅವಳನ್ನು ಕೂರಿಸಿತು. ಅದು ನಿಜವೂ ಹೌದು. ಮುಂದಿನ ಬೀದಿಯವರ ಕೈಗೆ ಹೋದರೆ, ಆಸ್ಪತ್ರೆ ಸೂಚಿಸುವುದು ಮಾಲೀಕರ ಕಡ್ಡಾಯ ಹಕ್ಕಾಗಬಹುದು, ಏಳು ದಿನ ಮೂರಾಗಬಹುದು. ನಿಜವೆಂದು ತಾನೇ ಅವಳು ಕುರ್ಚಿಗೆ ಅಂಟಿಕೊಂಡಳು? ಅಥವಾ ಹದಿನೆಂಟು ವರ್ಷದ ಕುರ್ಚಿ ಬಿಟ್ಟು ಎದ್ದು ಹೋಗುವ ಧೈರ್ಯವಿರಲಿಲ್ಲವೆಂದೇ? ಅದನ್ನು ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡಳು.

ಜೆರಾಕ್ಸ್ ಹಾಳೆ ಬಂತು, ಇನ್ನೂ ಬೆಚ್ಚಗಿತ್ತು. ಅವಳು ಸಾಲು ಸಾಲಾಗಿ ಟೈಪು ಮಾಡಿದಳು. ಕೆಂಪು ಸುತ್ತು, ನೀಲಿ ಸುತ್ತು ಹಾಕಿದಳು. ಎರಡನೇ ಸಾಲಿಗೆ ಬಂದಾಗ ನೀಲಿ ಪೆನ್ನು ಕೈಯಲ್ಲಿ ಹಾಗೇ ನಿಂತಿತು. ಇಲ್ಲಿ ಯಲ್ತಜಿಮ್ ಎಂದು ಬರೆದುಬಿಟ್ಟರೇನು ಎಂಬ ಯೋಚನೆ ಬರಲಿಲ್ಲವೆಂದಲ್ಲ, ಬಂತು. ಮೂಲ ಪಕ್ಕದಲ್ಲೇ ಇರುತ್ತದೆ, ಓಡಾಟದವನಿಗೆ ಅರಬ್ಬಿ ಬರುತ್ತದೆ, ಸಂಜೆಯೊಳಗೆ ಸಿಕ್ಕಿಬೀಳುತ್ತಾಳೆ, ಸಿಕ್ಕಿಬಿದ್ದರೆ ಭಾವನೇ ಬರೆಸಿದ್ದೆಂದು ಅವರ ತಲೆಗೇ ಕಟ್ಟುತ್ತಾರೆ. ಆಕಾಶ ನೋಡುವಂತೆ ಕಿಟಕಿಯಾಚೆ ನೋಡಿದಳು. ನ್ಯಾಯಾಲಯದ ಗೋಡೆ ಕಂಡಿತು. ಪದಕ್ಕೆ ನೀಲಿ ಸುತ್ತು ಹಾಕಿ, ಅರಬ್ಬಿಯಲ್ಲಿ ಯಜೂಜ್ ಎಂದು ಬರೆದಳು.

ಗಟ್ಟಿಯಾಗಿ ಓದಬೇಕಲ್ಲ, ಓದಿದಳು. ಯಜಮಾನರ ಪೆನ್ಸಿಲ್ ಓಡಿತು. ಕೆಂಪು ಎರಡು, ನೀಲಿ ಎರಡು. ತಾಳೆಯಾಯಿತು. ಅವತ್ತು ಅವರು ಶಾಭಾಸ್ ಅನ್ನಲಿಲ್ಲ. ಠಸ್ಸೆ ಒತ್ತಿ ಕಾಗದವನ್ನು ಅವಳ ಕಡೆ ತಳ್ಳಿ, ಕೈ ತೊಳೆಯಲು ಎದ್ದು ಹೋದರು.

ಸಂಜೆ ಅವಳು ಭಾವನಿಗೆ ಫೋನು ಮಾಡಿ ಹಾಳೆ ಬದಲಾದ ಸುದ್ದಿಯನ್ನು ಹೇಳಿದಳು, ಅದೂ ಕಚೇರಿಯ ನಿಯಮ ಮುರಿದೇ. "ಪಿನ್ನಿನ ತೂತು ನೋಡೋಕೆ ಹೇಳಿ ಭಾವ. ಮೂಲ ಕೈಗೆ ತಗೊಂಡು ಐದನೇ ಹಾಳೆ ಮೂಲೆ ನೋಡಿ ಅಂತ ನ್ಯಾಯಾಧೀಶರಿಗೆ ಹೇಳಿ. ಹತ್ತು ಹಾಳೆಗೆ ಎರಡು ಜೊತೆ, ಇದಕ್ಕೊಂದೇ." ಅನುವಾದ ಯಾರು ಮಾಡಿದ್ದೆಂದು ಮಾತ್ರ ಹೇಳಲಿಲ್ಲ.

ವಿಚಾರಣೆಯ ದಿನ, ಹೇಳಿಕೊಟ್ಟ ಹಾಗೆಯೇ ಭಾವ ಹೇಳಿದರು. ಎದ್ದು ನಿಂತು, ಪಟ್ಟಿ ಸುತ್ತಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಐದನೇ ಹಾಳೆಯ ಮೂಲೆ ನೋಡಿ ಸ್ವಾಮಿ ಎಂದರು. ದುಭಾಷಿ ಅದನ್ನು ಅರಬ್ಬಿಯಲ್ಲಿ ಹೇಳಿದ. ನ್ಯಾಯಾಧೀಶರು ಕರಾರನ್ನು ಕೈಗೆ ತೆಗೆದುಕೊಂಡರು. ಹನ್ನೊಂದು ಹಾಳೆಗೂ ಎಡಗಡೆ ಅಂಚು ಕತ್ತರಿಸಿ, ಕಪ್ಪು ಸುರುಳಿ ಹಾಕಿ, ಚೆಂದದ ರಟ್ಟು ಹೊದಿಸಿ ಬೈಂಡು ಮಾಡಿತ್ತು. ತೂತುಗಳೆಂದರೆ ಸುರುಳಿಯ ತೂತುಗಳು, ಎಲ್ಲ ಹಾಳೆಗೂ ಒಂದೇ ಸಮ. ಚಿಕ್ಕವಳು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ಮೊದಲು ಯಾವ ಪದ ಬದಲಿಸಬೇಕೆಂದು ತೋರಿಸಿಕೊಟ್ಟಳು. ಆಮೇಲೆ ಬದಲಿಸಿದ್ದರಲ್ಲಿ ಎಲ್ಲಿ ಎಡವಿದ್ದಾರೆಂದು ತೋರಿಸಿಕೊಟ್ಟಳು. ಅವರು ಒಬ್ಬ ಒಳ್ಳೆಯ ಮೋಸಗಾರನನ್ನು ಸಂಬಳಕ್ಕಿಟ್ಟಿದ್ದರೂ ಇಷ್ಟು ನಿಷ್ಠೆಯಿಂದ ದುಡಿಯುತ್ತಿರಲಿಲ್ಲ.

ಕಂಪನಿಯ ವಕೀಲರು ಕೂತಲ್ಲಿಂದಲೇ ಹೇಳಿದರು: ಕಡತ ಹಾಳಾಗಬಾರದೆಂದು ಬೈಂಡು ಮಾಡಿಸಿದೆ, ಅಷ್ಟೇ. ಫೋಟೊದಲ್ಲಿ ಕಾಣುವ ಒಂದೊಂದು ಪದವೂ ಈ ಹಾಳೆಯಲ್ಲಿದೆ, ತಾಳೆ ನೋಡಬಹುದು. ಕಾಣದ ಪದದ ಬಗ್ಗೆ ಅರ್ಜಿದಾರರ ಅನುವಾದವೇ ಓದಲಾಗುತ್ತಿಲ್ಲ ಎನ್ನುತ್ತದೆ. ಎರಡು ಅನುವಾದವೂ ಒಂದೇ ಕಚೇರಿಯದ್ದು, ಆ ಕಚೇರಿಯ ಬಗ್ಗೆ ಯಾರಿಗೂ ಸಂಶಯವಿಲ್ಲ.

ನ್ಯಾಯಾಧೀಶರು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಿಜವಾಗಿಯೂ ಒಂದು ಚುಕ್ಕೆ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆ ಮುಂದುವರಿಸುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದು ಎಂದು ತೀರ್ಪಾಯಿತು. ಮೇಲ್ಮನವಿಗೆ ಅವಕಾಶವಿತ್ತು, ಒಂದು ತಿಂಗಳು. ನರಹುರಿಗಳಿಗೆ ಉಳಿದಿದ್ದದ್ದು ಒಂಬತ್ತು ದಿನ.

ಆ ಒಂಬತ್ತು ದಿನ ಅಕ್ಕನ ಮನೆಯವರು ಬಾಗಿಲು ಬಾಗಿಲು ತಿರುಗಿದರು. ಚಿಕ್ಕವಳು ತನ್ನ ಹತ್ತಿರ ಇದ್ದದ್ದನ್ನೆಲ್ಲ ತಂದಿಟ್ಟಳು, ಸಾಲಲಿಲ್ಲ. ಆಸ್ಪತ್ರೆಯವರು ಹಿಡಿದಿಟ್ಟ ತಾರೀಖನ್ನು ಬೇರೆಯವರಿಗೆ ಕೊಟ್ಟರು. ಹತ್ತನೇ ದಿನ ಡಾಕ್ಟರು ಬೆರಳುಗಳನ್ನು ಒತ್ತಿ ನೋಡಿ, ಇನ್ನು ಬೇಡ ಎಂದರು.

ಅದಾದ ವಾರಕ್ಕೆ ಚಿಕ್ಕವಳು ಅಕ್ಕನ ಮನೆಗೆ ಹೋದಳು. ಭಾವ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಚ್ಚರವಿತ್ತು, ಉಸಿರಾಟದಲ್ಲೇ ಗೊತ್ತಾಗುತ್ತಿತ್ತು. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ತೀರ್ಪಿನ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ಮೇಲ್ಮನವಿಗೆಂದು ಮಗಳು ಎಲ್ಲವನ್ನೂ ಜೋಡಿಸಿ ಇಟ್ಟಿದ್ದಳು. ಅಕ್ಕನ ಕೈಯಲ್ಲಿದ್ದದ್ದು ಐದನೇ ಹಾಳೆಯ ಅರಬ್ಬಿ. ಕೆಳಗೆ ದುಂಡು ಠಸ್ಸೆ, ಪಕ್ಕದಲ್ಲಿ ಅನುವಾದಕಿಯ ಚಿಕ್ಕ ಸಹಿ. ಆ ಸಹಿಯನ್ನು ಅಕ್ಕ ಶಾಲೆಯ ದಿನಗಳಿಂದ ಬಲ್ಲವಳು. ಅಂಕಪಟ್ಟಿಗೆ ಅಪ್ಪನ ಸಹಿ ಹಾಕಲು ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡಿದವರು.

"ಇದು ನಿನ್ನ ಕೈಯದ್ದಾ?" ಎಂದು ಕೇಳಿದಳು.

"ಹೂಂ."

"ಅವರು ಬದಲಿಸಿದ್ದು ಅಂತ ಗೊತ್ತಿದ್ದೂ ಮಾಡಿದ್ಯಾ?"

"ಗೊತ್ತಿತ್ತು. ನಾನು ಮಾಡದಿದ್ರೆ ಬೇರೆಯವರು ಮಾಡ್ತಿದ್ರು ಅಕ್ಕ. ಅವರು ಇನ್ನೂ ಕೆಡಿಸ್ತಿದ್ರು."



ಅಕ್ಕ ಕಾಗದದ ಮೇಲೆ ಬೆರಳಾಡಿಸಿದಳು. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೂ ಎರಡನೇ ಸಾಲಿನ ತುದಿಯ ತನಕ ಬೆರಳು ಹೋಯಿತು.

"ಸರಿಯಾಗಿ ಮಾಡಿದ್ದೀಯಾ?"

"ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ನಮ್ಮದೂ ಹಾಗೇ ಮಾಡಿಕೊಟ್ಟಿದ್ದೆ, ಅಲ್ವಾ?"

"ಹೂಂ."

ಅಕ್ಕ ಬೈಯುತ್ತಾಳೆ, ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದ ಚಿಕ್ಕವಳು ತಲೆ ತಗ್ಗಿಸಿ ನಿಂತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಅಕ್ಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸಮ ಮಾಡಿ, ಚೀಲಕ್ಕೆ ಹಾಕಿದಳು.

"ಮೇಲಿನ ಕೋರ್ಟಿಗೆ ಎಲ್ಲಾನೂ ಮತ್ತೆ ಅರಬ್ಬಿ ಮಾಡಿಸ್ಬೇಕಂತೆ" ಎಂದಳು. "ಮುಂದಿನ ಬೀದೀಲಿ ಯಾರೋ ಇದ್ದಾರಂತಲ್ಲ, ಸ್ವಲ್ಪ ಹಿಂದೆ ಮುಂದೆ ಮಾಡಿ ಬರ್ಕೊಡೋರು. ಅವರ ಹತ್ರ ಹೋಗ್ತೀವಿ. ನೀನು ಇನ್ನು ಬರ್ಬೇಡ ಕಣೇ."

ಚಿಕ್ಕವಳು ಚಪ್ಪಲಿ ಮೆಟ್ಟಿಕೊಂಡಳು. ಒಳಗಿನ ಕೋಣೆಯಿಂದ ಭಾವ ಏನಾದರೂ ಅನ್ನುತ್ತಾರೇನೋ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಬಾಗಿಲು ಎಳೆದುಕೊಂಡು ಹೊರಟಳು.